ಸೋಮವಾರ ಫಿಸಿಕ್ಸ್, ಮಂಗಳವಾರ ಮ್ಯಾಥ್ಸ್: ಯಾವ ಟೈಮ್‌ಟೇಬಲ್ ಹಾಕಿಕೊಳ್ಳೋದು?

ಸೆಕೆಂಡ್ ಪಿಯು ವಾರ್ಷಿಕ ಪರೀಕ್ಷೆಯಲ್ಲಿ ದೊಡ್ಡ ಸಬ್ಜೆಕ್ಟ್‌ಗಳ ಮಧ್ಯೆ ಸಾಮಾನ್ಯವಾಗಿ ಒಂದೆರಡು ದಿನ ಬಿಡುವು ಸಿಗುತ್ತದೆ. ಪ್ರಿಪರೇಟರಿಯಲ್ಲಿ, ಮಿಡ್‌ಟರ್ಮ್‌ನಲ್ಲಿ ಆ ಭಾಗ್ಯ ಇಲ್ಲ. ಇವತ್ತು ಒಂದು, ನಾಳೆ ಇನ್ನೊಂದು. ಎರಡರಲ್ಲೂ ಗಟ್ಟಿ ಇರುವವರಿಗೆ ಏನೂ ಅನ್ನಿಸಲ್ಲ. ಒಂದರಲ್ಲಿ ಹಿಂದೆ ಇರುವವರಿಗೆ ಮಾತ್ರ ನೋಟಿಸ್ ಬೋರ್ಡ್ ನೋಡಿದ ದಿನದಿಂದಲೇ ಹೊಟ್ಟೆ ಕಲಸುತ್ತದೆ.

ಹಾಸನದಲ್ಲಿ ಪಿಯು ಮಕ್ಕಳಿಗೆ ಟ್ಯೂಷನ್ ಹೇಳುವ ನನಗೆ ಜನವರಿ ಬಂದರೆ ಸಾಕು, ದಿನಾ ಇದೇ ಪ್ರಶ್ನೆ. "ಸಾರ್, ಮ್ಯಾಥ್ಸ್ ವೀಕು. ಅದಕ್ಕೆ ಎಷ್ಟು ದಿನ ಇಡಲಿ?" ಮಕ್ಕಳು ಹಾಕಿಕೊಂಡು ಬರುವ ಟೈಮ್‌ಟೇಬಲ್‌ಗಳು ಸುಮಾರಾಗಿ ಮೂರು ಜಾತಿ. ಮೂರನ್ನೂ ಒಬ್ಬಳೇ ಹುಡುಗಿಯ ಮೇಲೆ ಹಾಕಿ ನೋಡೋಣ. ಆಗ ಯಾವುದು ಎಲ್ಲಿ ಕೈ ಕೊಡುತ್ತದೆ ಅಂತ ಕಾಣುತ್ತದೆ.

ಹುಡುಗಿಯ ಲೆಕ್ಕ

ಬೇಲೂರಿನ ಆಚೆ ಒಂದು ಹಳ್ಳಿ. ಓದೋದು ಹಾಸನದ ಪಿಯು ಕಾಲೇಜು. ಬಸ್ಸಲ್ಲಿ ಹೋಗಿ ಬರುವುದಕ್ಕೇ ದಿನಕ್ಕೆ ಮೂರು ಗಂಟೆ ಹತ್ತಿರ. ಬರುವ ಸೋಮವಾರದಾಚೆಯ ಸೋಮವಾರ ಫಿಸಿಕ್ಸ್, ಮಂಗಳವಾರ ಮ್ಯಾಥ್ಸ್. ಎರಡೂ ಬೆಳಗ್ಗೆ 10ರಿಂದ ಮಧ್ಯಾಹ್ನ 1. ಫಿಸಿಕ್ಸ್ ಥಿಯರಿ 70 ಅಂಕ, ಮ್ಯಾಥ್ಸ್ 80. ಮ್ಯಾಥ್ಸ್ ವೀಕು.

ಪರೀಕ್ಷೆಗೆ ಮುಂಚಿನ ಸೋಮವಾರದಿಂದ ಗುರುವಾರದ ತನಕ ಕಾಲೇಜಿದೆ. ಆ ದಿನಗಳಲ್ಲಿ ಬೆಳಗಿನ ಜಾವ ಒಂದೂವರೆ, ಸಂಜೆ ಎರಡೂವರೆ ಗಂಟೆ, ಒಟ್ಟು ನಾಲ್ಕು ಗಂಟೆ ಕೂರಬಹುದು. ಶುಕ್ರ, ಶನಿ, ಭಾನುವಾರ ರಜೆ. ಆಗ ದಿನಕ್ಕೆ ಎಂಟು ಗಂಟೆ. ಅಲ್ಲಿಗೆ 16, ಇಲ್ಲಿಗೆ 24, ಒಟ್ಟು 40 ಗಂಟೆ. "ನಾನು ದಿನಕ್ಕೆ ಹದಿನಾಲ್ಕು ಗಂಟೆ ಓದ್ತೀನಿ" ಅಂತ ಬರೆದುಕೊಂಡು ಬರುವವರಿಗೆ ನಾನು ಮೊದಲು ಪೆನ್ಸಿಲ್ ಕೊಟ್ಟು ಅದನ್ನು ಎಂಟು ಮಾಡಿಸುತ್ತೇನೆ. ನಮ್ಮ ಕಡೆ ಅದು ಕಾಫಿ ಕುಯ್ಲಿನ ಸಮಯ. ಆಳುಗಳು ಬರುತ್ತಾರೆ, ಮನೆಯಲ್ಲಿ ಅಡುಗೆ ಜಾಸ್ತಿ, ಕಣದಲ್ಲಿ ಕಾಫಿ ಹರವಬೇಕು. ಹೆಣ್ಣುಮಕ್ಕಳನ್ನಂತೂ ಪುಸ್ತಕದ ಮುಂದಿಂದ ನಾಲ್ಕು ಸಲ ಎಬ್ಬಿಸುತ್ತಾರೆ. ಎಂಟು ಗಂಟೆ ನಿಜವಾಗಿ ಸಿಕ್ಕಿದರೆ ಅದೇ ದೊಡ್ಡದು.

ಇನ್ನು ಸೋಮವಾರ ಸಂಜೆ, ಅಂದರೆ ಎರಡು ಪರೀಕ್ಷೆಗಳ ನಡುವಿನ ಹೊತ್ತು. ಎಲ್ಲ ಲೆಕ್ಕ ತಪ್ಪುವುದು ಇಲ್ಲೇ. ಮಕ್ಕಳ ಮನಸ್ಸಿನಲ್ಲಿ ಅದು "ಇಡೀ ಅರ್ಧ ದಿನ". ಎಣಿಸಿ ನೋಡಿ. 1ಕ್ಕೆ ಪೇಪರ್ ಕೊಟ್ಟು ಹೊರಗೆ ಬಂದು, ಬಸ್ ಸ್ಟ್ಯಾಂಡಿಗೆ ನಡೆದು, ಬೇಲೂರು ಬಸ್ ಹಿಡಿದು, ಅಲ್ಲಿಂದ ಹಳ್ಳಿಗೆ ಸೇರುವ ಹೊತ್ತಿಗೆ ಮೂರೂವರೆ, ನಾಲ್ಕು. ಊಟ ಮಾಡಬೇಕು. ಮೂರು ಗಂಟೆ ಬರೆದ ಕೈ, ತಲೆ ಎರಡೂ ಸುಸ್ತು. ಅರ್ಧ ಗಂಟೆ ಮಲಗದೆ ಆಗಲ್ಲ. 5ರಿಂದ 7, ಮತ್ತೆ ಏಳೂವರೆಯಿಂದ ಒಂಬತ್ತೂವರೆ. ನಾಲ್ಕು ಗಂಟೆ, ಅಷ್ಟೇ. ಹಾಸನದಲ್ಲೇ ಹಾಸ್ಟೆಲ್ಲಿನಲ್ಲಿ ಇರುವವರಿಗೆ ಇನ್ನೂ ಒಂದೂವರೆ ಗಂಟೆ ಸಿಗಬಹುದು. ಆದರೆ ಅದೂ ದಣಿದ ತಲೆಯ ಒಂದೂವರೆ ಗಂಟೆ.

ದಣಿದ ತಲೆಗೆ ಗೊತ್ತಿರುವುದನ್ನು ನೆನಪು ಮಾಡಿಕೊಳ್ಳಲು ಆಗುತ್ತದೆ. ಹೊಸ ಇಂಟಿಗ್ರೇಷನ್ ವಿಧಾನ ಕಲಿಯಲು ಆಗಲ್ಲ. ಹಾಗಾಗಿ ಮಂಗಳವಾರದ ಸಬ್ಜೆಕ್ಟ್‌ನಲ್ಲಿ ಕಲಿಯುವ ಕೆಲಸವೆಲ್ಲ ಸೋಮವಾರದ ಪರೀಕ್ಷೆಗೂ ಮುಂಚೆ ಮುಗಿದಿರಬೇಕು. ಮೂರು ಟೈಮ್‌ಟೇಬಲ್‌ಗಳನ್ನೂ ನಾನು ಇದೊಂದರಿಂದಲೇ ಅಳೆಯುತ್ತೇನೆ.

ಮೊದಲನೆಯದು: ದಿನಾ ಅರ್ಧ ಅರ್ಧ

ಪ್ರತಿದಿನ ಎರಡೂ ಸಬ್ಜೆಕ್ಟ್, ಸಮ ಸಮ. 40 ಗಂಟೆಯಲ್ಲಿ 20 ಇದಕ್ಕೆ, 20 ಅದಕ್ಕೆ. ನೋಡೋಕೆ ನ್ಯಾಯವಾಗಿದೆ. ಯಾವ ಸಬ್ಜೆಕ್ಟೂ ಮರೆತು ಹೋಗಲ್ಲ. ಎರಡರಲ್ಲೂ ಒಂದೇ ಮಟ್ಟದಲ್ಲಿರುವವರಿಗೆ, ಮೂರು ವಾರ ಮುಂಚೆಯೇ ಶುರು ಮಾಡುವವರಿಗೆ ಇದು ಸಾಕು. ತಲೆ ಕೆಡಿಸಿಕೊಳ್ಳುವ ಅಗತ್ಯವೇ ಇಲ್ಲ.

ನಮ್ಮ ಹುಡುಗಿಗೆ ತೊಂದರೆ ಆಗುವುದು ಮೊದಲ ನಾಲ್ಕು ದಿನ. ದಿನಕ್ಕೆ ನಾಲ್ಕೇ ಗಂಟೆ, ಅದರಲ್ಲಿ ಮ್ಯಾಥ್ಸ್‌ಗೆ ಎರಡು. ಬಾರದೇ ಇರುವ ಲೆಕ್ಕಕ್ಕೆ ಕೂತಾಗ ಮೊದಲ ಮುಕ್ಕಾಲು ಗಂಟೆ ಸುಮ್ನೆ ತಡಕಾಡುವುದರಲ್ಲೇ ಹೋಗುತ್ತದೆ. ಸೂತ್ರ ಹುಡುಕೋದು, ಬಿಡಿಸಿದ ಉದಾಹರಣೆ ನೋಡೋದು, ತಪ್ಪೋದು. ಈಗ ಹಿಡಿತ ಸಿಕ್ಕಿತು ಅನ್ನುವಾಗ ಎರಡು ಗಂಟೆ ಮುಗಿದು ಫಿಸಿಕ್ಸ್ ಕರೆಯುತ್ತದೆ. ಮಾರನೇ ದಿನ ಮತ್ತೆ ಮೊದಲಿಂದ. ಇನ್ನು ಭಾನುವಾರ ತಲೆಯೆಲ್ಲ ನಾಳೆಯ ಫಿಸಿಕ್ಸ್ ಮೇಲಿರುತ್ತದೆ. ಆವತ್ತು ಮ್ಯಾಥ್ಸ್‌ಗೆ ಬರೆದ ನಾಲ್ಕು ಗಂಟೆ ಕಾಗದದ ಮೇಲೆ ಮಾತ್ರ ಇರುತ್ತದೆ.

ಎರಡನೆಯದು: ಒಂದು ಮುಗಿಸಿ ಇನ್ನೊಂದು

"ವೀಕ್ ಸಬ್ಜೆಕ್ಟ್ ಮೊದಲು ಮುಗಿಸಿಬಿಡ್ತೀನಿ ಸಾರ್, ಆಮೇಲೆ ನಿಶ್ಚಿಂತೆಯಾಗಿ ಫಿಸಿಕ್ಸ್." ಸೋಮವಾರದಿಂದ ಗುರುವಾರ ಪೂರ್ತಿ ಮ್ಯಾಥ್ಸ್, ಶುಕ್ರವಾರದಿಂದ ಪೂರ್ತಿ ಫಿಸಿಕ್ಸ್. ಜಾಸ್ತಿ ಮಕ್ಕಳು ಇದನ್ನೇ ಹಾಕಿಕೊಂಡು ಬರುತ್ತಾರೆ. ಮನೆಯವರಿಗೂ ಇದೇ ಇಷ್ಟ.

ಗಂಟೆ ಕೂಡಿಸಿ ನೋಡಿ. ಕಾಲೇಜಿರುವ ನಾಲ್ಕು ದಿನ ಅಂದರೆ 16 ಗಂಟೆ. ರಜೆಯ ಮೂರು ದಿನ ಅಂದರೆ 24. ವೀಕ್ ಸಬ್ಜೆಕ್ಟ್‌ಗೆ ನಾಲ್ಕು ದಿನ ಕೊಟ್ಟೆ ಅಂತ ಅಂದುಕೊಂಡಿದ್ದಾಳೆ. ನಿಜವಾಗಿ ಅದಕ್ಕೆ ಎಂಟು ಗಂಟೆ ಕಮ್ಮಿ ಸಿಕ್ಕಿದೆ. ಅದೂ ಬಸ್ ಇಳಿದು ಬಂದ ದಣಿವಿನ ಗಂಟೆಗಳು. ದಿನ ಎಣಿಸಿದರೆ ಹೀಗೆ ಮೋಸ ಹೋಗುತ್ತೇವೆ, ಗಂಟೆ ಎಣಿಸಬೇಕು.

ಇನ್ನೊಂದು ದೋಷ ಇದಕ್ಕಿಂತ ದೊಡ್ಡದು. ಗುರುವಾರ ರಾತ್ರಿ ಮುಚ್ಚಿದ ಮ್ಯಾಥ್ಸ್ ಪುಸ್ತಕ ಮತ್ತೆ ತೆರೆಯುವುದು ಸೋಮವಾರ ಸಂಜೆ. ಗಟ್ಟಿ ಸಬ್ಜೆಕ್ಟ್ ಆಗಿದ್ದರೆ ಹೆಚ್ಚುಕಮ್ಮಿ ನಾಲ್ಕು ದಿನ ತಡೆದೀತು. ಹೊಸದಾಗಿ, ಕಷ್ಟಪಟ್ಟು ಕಲಿತದ್ದು ಅಷ್ಟು ದಿನ ನಿಲ್ಲಲ್ಲ. ಮೊದಲು ಹಾರಿಹೋಗುವುದೇ ಅದು. ಸೋಮವಾರ ಸಂಜೆ ಪುಸ್ತಕ ತೆರೆದಾಗ "ಇದು ಓದಿದ್ದೆನಲ್ಲಾ" ಅನ್ನಿಸುತ್ತದೆ, ಕೈಗೆ ಮಾತ್ರ ಬರಲ್ಲ. ಅಳು ಶುರುವಾಗುವುದು ಆಗಲೇ.

ಕೆಲವು ಜಾಣರು ಇದನ್ನೇ ತಿರುಗಿಸುತ್ತಾರೆ. ಮೊದಲ ನಾಲ್ಕು ದಿನ ಫಿಸಿಕ್ಸ್, ರಜೆಯಲ್ಲಿ ಪೂರ್ತಿ ಮ್ಯಾಥ್ಸ್. ವೀಕ್ ಸಬ್ಜೆಕ್ಟ್‌ಗೆ 24 ಗಂಟೆ ಸಿಗುತ್ತದೆ, ಅದೇನೋ ಸರಿ. ಆದರೆ ಸೋಮವಾರ ಬೆಳಗ್ಗೆ ಫಿಸಿಕ್ಸ್ ಹಾಲ್‌ಗೆ ಹೋಗುವಾಗ ಫಿಸಿಕ್ಸ್ ಮುಟ್ಟಿ ಮೂರು ದಿನ ಆಗಿರುತ್ತದೆ. ಚೆನ್ನಾಗಿ ಬರುವ ಸಬ್ಜೆಕ್ಟ್‌ನಲ್ಲಿ ಡೆರಿವೇಷನ್‌ನ ಮಧ್ಯದ ಒಂದು ಸಾಲು ನೆನಪಾಗದೆ ಐದು ಅಂಕ ಬಿಟ್ಟು ಬರುವುದು ಅಂದರೆ ಬಂದದ್ದನ್ನೂ ಕಳೆದುಕೊಂಡ ಹಾಗೆ.

ಮೂರನೆಯದು: ಹಿಂದಿನಿಂದ ಎಣಿಸೋದು

ಮಂಗಳವಾರ ಬೆಳಗ್ಗೆಯಿಂದ ಹಿಂದಕ್ಕೆ ಬನ್ನಿ. ಸೋಮವಾರ ಸಂಜೆ ಮ್ಯಾಥ್ಸ್, ಬರೀ ನೆನಪು ಮಾಡಿಕೊಳ್ಳೋದು. ಭಾನುವಾರ ಬಹುತೇಕ ಫಿಸಿಕ್ಸ್. ಶನಿವಾರ ಮ್ಯಾಥ್ಸ್‌ನ ಕೊನೆಯ ದೊಡ್ಡ ದಿನ, ಆವತ್ತು ಒಂದು ಪೂರ್ತಿ ಪೇಪರ್. ಅಂದರೆ ಕಲಿಯುವುದು ಶುಕ್ರವಾರ ರಾತ್ರಿಗೆ ಮುಗಿದಿರಬೇಕು. ಕಾಲೇಜಿರುವ ನಾಲ್ಕು ದಿನ ಮ್ಯಾಥ್ಸ್ ಮುಕ್ಕಾಲು ಪಾಲು, ಫಿಸಿಕ್ಸ್ ಕಾಲು ಪಾಲು. ಯಾವ ದಿನವೂ ಯಾವ ಸಬ್ಜೆಕ್ಟೂ ಸೊನ್ನೆ ಆಗಬಾರದು.

| ದಿನ | ಮ್ಯಾಥ್ಸ್ (ಗಂಟೆ) | ಫಿಸಿಕ್ಸ್ (ಗಂಟೆ) |
|---|---|---|
| ಸೋಮ – ಗುರು, ದಿನಕ್ಕೆ | 3 | 1 |
| ಶುಕ್ರ | 5 | 3 |
| ಶನಿ | 3 | 5 |
| ಭಾನು | 1 | 7 |
| ಒಟ್ಟು | 21 | 19 |

ಒಟ್ಟು ನೋಡಿ. ಅರ್ಧ ಅರ್ಧ ಮಾಡಿದಾಗ 20 ಮತ್ತು 20 ಇತ್ತು. ಇಲ್ಲಿ 21 ಮತ್ತು 19. ವ್ಯತ್ಯಾಸ ಒಂದೇ ಗಂಟೆ. ವೀಕ್ ಸಬ್ಜೆಕ್ಟ್‌ಗೆ ಹೆಚ್ಚು ಕೊಡಲು ಗಟ್ಟಿ ಸಬ್ಜೆಕ್ಟನ್ನು ಬಲಿ ಕೊಡಬೇಕಾಗಿ ಬರಲಿಲ್ಲ, ಗಂಟೆಗಳ ಜಾಗ ಬದಲಾಯಿಸಿದ್ದಷ್ಟೇ. ಮ್ಯಾಥ್ಸ್‌ಗೆ ಹಿಡಿತ ಸಿಗುವಷ್ಟು ಉದ್ದದ ಮೂರು ಗಂಟೆ ಮೊದಲೇ ಸಿಕ್ಕಿತು. ಫಿಸಿಕ್ಸ್ ಪರೀಕ್ಷೆಯ ಹತ್ತಿರ ದಪ್ಪಗಾಯಿತು.

ಬೆಳಗಿನ ಒಂದೂವರೆ ಗಂಟೆ ಮ್ಯಾಥ್ಸ್‌ಗೇ ಇರಲಿ. ಕಾಫಿ ಕುಯ್ಲಿನ ಮನೆಯಲ್ಲಿ ಎಲ್ಲರೂ ಏಳುವ ಮುಂಚಿನ ಹೊತ್ತು ಅದೊಂದೇ ಪೂರ್ತಿ ನಿಮ್ಮದು. ಸಂಜೆ ಒಂದೂವರೆ ಗಂಟೆ ಮ್ಯಾಥ್ಸ್, ಕೊನೆಯ ಒಂದು ಗಂಟೆ ಫಿಸಿಕ್ಸ್. ಕರೆಂಟ್ ಹೋದರೆ ಮೊಬೈಲ್ ಬೆಳಕಲ್ಲಿ ಗ್ರಾಫ್ ಹಾಕುವ ಸಾಹಸ ಬೇಡ, ಆವತ್ತು ಫಿಸಿಕ್ಸ್ ಡೆರಿವೇಷನ್ ಬಾಯಲ್ಲಿ ಹೇಳಿಕೊಳ್ಳಿ.

ಆ 21 ಗಂಟೆಯಲ್ಲಿ ಏನು ಮಾಡೋದು

ಟೈಮ್‌ಟೇಬಲ್‌ನಲ್ಲಿ "ಮ್ಯಾಥ್ಸ್ 3 ಗಂಟೆ" ಅಂತ ಬರೆದರೆ ಮಕ್ಕಳು ಮೊದಲ ಚಾಪ್ಟರ್‌ನಿಂದ ಶುರು ಮಾಡುತ್ತಾರೆ. ರಿಲೇಷನ್ಸ್ ಅಂಡ್ ಫಂಕ್ಷನ್ಸ್, ಇನ್ವರ್ಸ್ ಟ್ರಿಗ್ನೊಮೆಟ್ರಿ, ಮ್ಯಾಟ್ರಿಸಸ್... ಗುರುವಾರದ ಹೊತ್ತಿಗೆ ಡಿಫರೆನ್ಸಿಯೇಷನ್ ತಲುಪಿರುತ್ತಾರೆ. 13 ಚಾಪ್ಟರ್‌ಗಳಲ್ಲಿ ಕೊನೆಯ ನಾಲ್ಕು ವೆಕ್ಟರ್ಸ್, ತ್ರೀ ಡಿ, ಎಲ್‌ಪಿಪಿ, ಪ್ರಾಬಬಿಲಿಟಿ. ವೀಕ್ ಇರುವವರಿಗೆ ಬೇಗ ಕೈಗೆ ಹತ್ತುವ ಅಂಕ ಅಲ್ಲೇ ಜಾಸ್ತಿ. ಅಲ್ಲಿಗೆ ಮುಟ್ಟುವುದೇ ಇಲ್ಲ.

ಅದಕ್ಕೆ ಶುರು ಮಾಡುವ ಮುಂಚಿನ ಭಾನುವಾರ ಒಂದು ಕೆಲಸ. ಎರಡು ಹಳೆ ಪ್ರಶ್ನೆಪತ್ರಿಕೆ ತಗೊಳ್ಳಿ. ಪುಸ್ತಕ ಮುಚ್ಚಿ. ಪ್ರತಿ ಪ್ರಶ್ನೆಗೂ ಮೊದಲ ಮೂರು ಸಾಲು ಮಾತ್ರ ಬರೆಯಿರಿ. ನೋಡಿದ ಕೂಡಲೇ "ಇದು ಬರುತ್ತೆ" ಅಂತ ಟಿಕ್ ಹಾಕಬೇಡಿ. ಕಣ್ಣಿಗೆ ಪರಿಚಯ ಇರುವುದೆಲ್ಲ ಬರುತ್ತದೆ ಅನ್ನಿಸುತ್ತದೆ. ಮೂರು ಸಾಲು ಬರೆಯುವಾಗ ನಿಜ ಹೊರಗೆ ಬೀಳುತ್ತದೆ. ಪಕ್ಕದಲ್ಲಿ ಗುರುತು ಮಾಡಿ: ಬಂತು, ಅರ್ಧ ಬಂತು, ಬರಲೇ ಇಲ್ಲ.

ನಿಮ್ಮ ವಾರ ಇರುವುದು ಈ "ಅರ್ಧ ಬಂತು" ಗುಂಪಿನಲ್ಲಿ. ಬಂದದ್ದಕ್ಕೆ ವಾರದಲ್ಲಿ ಒಂದೆರಡು ಸಲ ಕೈ ಆಡಿಸಿದರೆ ಸಾಕು. ಬರಲೇ ಇಲ್ಲದ್ದರಲ್ಲಿ ಒಂದೋ ಎರಡೋ ಆರಿಸಿಕೊಳ್ಳಿ, ಉಳಿದದ್ದನ್ನು ಈ ಪ್ರಿಪರೇಟರಿಯ ಮಟ್ಟಿಗೆ ಕೈಬಿಡಿ. ವಾರ್ಷಿಕ ಪರೀಕ್ಷೆಗೆ ಮುಂಚೆ ಇನ್ನೂ ದಿನ ಇವೆ. ಪೇಪರ್‌ನಲ್ಲಿ ಚಾಯ್ಸ್ ಇರುತ್ತದೆ, ಎಲ್ಲ ಬರಲೇಬೇಕು ಅಂತೇನಿಲ್ಲ.

ಅರ್ಧ ಬರುವುದು ಹೇಗಿರುತ್ತದೆ ಅಂತ ಒಂದು ತೋರಿಸುತ್ತೇನೆ. ಹಳೆ ಪತ್ರಿಕೆಗಳ ಕೊನೆಯ ಭಾಗದಲ್ಲಿ 6 ಅಂಕದ ಒಂದು ಪ್ರಶ್ನೆ. ಸಾಮಾನ್ಯವಾಗಿ ಒಂದು ಕಡೆ ಎಲ್‌ಪಿಪಿ ಗ್ರಾಫ್, ಇನ್ನೊಂದು ಕಡೆ ಡೆಫಿನಿಟ್ ಇಂಟಿಗ್ರಲ್‌ನ ಒಂದು ಪ್ರಾಪರ್ಟಿ, ಎರಡರಲ್ಲಿ ಒಂದು ಮಾಡಬೇಕು. ನಮ್ಮ ಹುಡುಗಿ ಎಲ್‌ಪಿಪಿ ಆರಿಸುತ್ತಾಳೆ. ಗೆರೆ ಸರಿಯಾಗಿ ಎಳೆಯುತ್ತಾಳೆ. x + 2y ≥ 10 ಅಂತಿದ್ದರೆ y = 0 ಹಾಕಿ (10, 0), x = 0 ಹಾಕಿ (0, 5), ಎರಡನ್ನೂ ಸೇರಿಸುತ್ತಾಳೆ. ಆಮೇಲೆ ಗೆರೆಯ ಯಾವ ಕಡೆ ಶೇಡ್ ಮಾಡಬೇಕು ಅಂತ ಬಂದಾಗ ಅಭ್ಯಾಸಬಲದಿಂದ ಒರಿಜಿನ್ ಕಡೆಗೇ ಶೇಡ್ ಮಾಡುತ್ತಾಳೆ. ಯಾಕೆ ಅಂದರೆ ಅವಳು ಮಾಡಿದ ಹೆಚ್ಚಿನ ಲೆಕ್ಕಗಳಲ್ಲಿ ≤ ಇತ್ತು. ಅಲ್ಲಿಂದ ಮುಂದೆ ಕಾರ್ನರ್ ಪಾಯಿಂಟ್‌ಗಳೆಲ್ಲ ತಪ್ಪು, Z ಬೆಲೆ ತಪ್ಪು, ಉತ್ತರ ತಪ್ಪು.

ಇದಕ್ಕೆ ಮದ್ದು ಚಿಕ್ಕದು. ಪ್ರತಿ ಗೆರೆ ಎಳೆದ ಮೇಲೂ (0, 0) ಹಾಕಿ ನೋಡು. 0 + 0 ≥ 10, ಹೌದಾ? ಅಲ್ಲ. ಹಾಗಾದರೆ ಒರಿಜಿನ್ ಇಲ್ಲದ ಕಡೆ ಶೇಡ್ ಮಾಡು. ಈ ಒಂದು ಸಾಲನ್ನು ಉತ್ತರದಲ್ಲೇ ಬರೆಯುವ ರೂಢಿ ಮಾಡಿಕೊಂಡು ಐದಾರು ಲೆಕ್ಕ ಮಾಡಿದರೆ ಸಾಕು. ಅಂದಾಜು ಒಂದೂವರೆ ಗಂಟೆ, ಒಂದು ಬೆಳಗಿನ ಜಾವ. ಇದೇ ಒಂದೂವರೆ ಗಂಟೆಯನ್ನು ಬಾರದ ಇಂಟಿಗ್ರೇಷನ್‌ಗೆ ಸುರಿದಿದ್ದರೆ ಅಂಕದ ಲೆಕ್ಕದಲ್ಲಿ ಇಷ್ಟು ಬರುತ್ತಿರಲಿಲ್ಲ.

ಹೀಗೆ ಸೋಮವಾರದಿಂದ ಶುಕ್ರವಾರದ ತನಕ ಅರ್ಧ ಬರುವುದನ್ನು ಒಂದೊಂದಾಗಿ ಪೂರ್ತಿ ಮಾಡುತ್ತಾ ಹೋಗೋದು. ಅವಳ ಪಟ್ಟಿ ಹೀಗಿತ್ತು ಅಂದುಕೊಳ್ಳಿ: ಎಲ್‌ಪಿಪಿ, ಮ್ಯಾಟ್ರಿಕ್ಸ್ ವಿಧಾನದಲ್ಲಿ ಮೂರು ಸಮೀಕರಣ ಬಿಡಿಸೋದು, ಕಂಟಿನ್ಯೂಯಸ್ ಆಗುವ ಹಾಗೆ k ಬೆಲೆ ಕಂಡುಹಿಡಿಯೋದು, ವೆಕ್ಟರ್ಸ್, ಬೇಯ್ಸ್ ಥಿಯರಂ, ಡಿಫರೆನ್ಸಿಯಲ್ ಈಕ್ವೇಷನ್ಸ್. ಮ್ಯಾಟ್ರಿಕ್ಸ್ ಲೆಕ್ಕದಲ್ಲಿ ಅವಳಿಗೆ ವಿಧಾನ ಗೊತ್ತು, ಕೋಫ್ಯಾಕ್ಟರ್‌ಗಳ ಪ್ಲಸ್ ಮೈನಸ್‌ನಲ್ಲಿ ಎಡವುತ್ತಾಳೆ. ಬೇಯ್ಸ್‌ನಲ್ಲಿ ಸೂತ್ರ ಬಾಯಿಪಾಠ, ಕೊಟ್ಟ ವಾಕ್ಯದಲ್ಲಿ ಯಾವುದು ಯಾವುದು ಅಂತ ಗುರುತಿಸುವಾಗ ತಪ್ಪುತ್ತಾಳೆ. "ಮ್ಯಾಥ್ಸ್ ವೀಕು" ಅನ್ನುವ ದೊಡ್ಡ ಮಾತನ್ನು ಹೀಗೆ ಒಡೆದರೆ ಆರೇಳು ಸಣ್ಣ ತಪ್ಪುಗಳು ಸಿಗುತ್ತವೆ. ಪ್ರತಿಯೊಂದಕ್ಕೂ ಹಿಂದೆ ಮುಂದೆ ಎರಡು ಗಂಟೆ. ಎಲ್ಲಿ ತಪ್ಪಿದೆ ಅನ್ನುವುದನ್ನು ಒಂದು ಚಿಕ್ಕ ನೋಟ್‌ಬುಕ್ಕಿನಲ್ಲಿ ಒಂದೊಂದು ಸಾಲು ಬರೆದಿಡಿ. ಸೋಮವಾರ ಸಂಜೆ ಬೇಕಾಗುತ್ತದೆ.

ಶನಿವಾರದ ಪೇಪರ್

ಶನಿವಾರದ ಮೂರು ಗಂಟೆ ಪೂರ್ತಿ ಒಂದೇ ಕೆಲಸಕ್ಕೆ: ಬೆಳಗ್ಗೆ 10ರಿಂದ 1, ಗಡಿಯಾರ ಮುಂದಿಟ್ಟುಕೊಂಡು ಒಂದು ಪೂರ್ತಿ ಮ್ಯಾಥ್ಸ್ ಪೇಪರ್. ಭಾನುವಾರ ನೋಡಿದ ಪತ್ರಿಕೆ ಬೇಡ, ಬೇರೆಯದು. ಮಕ್ಕಳು ಇದನ್ನು ತಪ್ಪಿಸಿಕೊಳ್ಳಲು ನೂರು ನೆಪ ಹೇಳುತ್ತಾರೆ. "ಇನ್ನೂ ಓದೋದಿದೆ ಸಾರ್, ಮೂರು ಗಂಟೆ ವೇಸ್ಟ್ ಆಗುತ್ತೆ."

ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು 2006ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ವಿದ್ಯಾರ್ಥಿಗಳಿಗೆ ಒಂದು ಪಾಠ ಓದಲು ಕೊಟ್ಟರು. ಕೆಲವರು ಅದನ್ನೇ ಮತ್ತೆ ಓದಿದರು. ಇನ್ನು ಕೆಲವರು ಹಾಳೆ ಮುಚ್ಚಿ ನೆನಪಿದ್ದಷ್ಟು ಬರೆದರು. ಐದು ನಿಮಿಷ ಬಿಟ್ಟು ಪರೀಕ್ಷೆ ಮಾಡಿದಾಗ ಮತ್ತೆ ಓದಿದವರೇ ಮುಂದೆ. ಎರಡು ದಿನ ಬಿಟ್ಟು, ಒಂದು ವಾರ ಬಿಟ್ಟು ಪರೀಕ್ಷೆ ಮಾಡಿದಾಗ ನೆನಪಿನಿಂದ ಬರೆದವರು ಮುಂದೆ. ಅವರು ಕೊಟ್ಟಿದ್ದು ಗದ್ಯಪಾಠ, ಲೆಕ್ಕವಲ್ಲ. ಆದರೂ ನಮ್ಮ ಹುಡುಗಿಗೆ ಇದರಲ್ಲಿ ಬೇಕಾದ್ದು ಇದೆ. ಶನಿವಾರದಿಂದ ಮಂಗಳವಾರಕ್ಕೆ ಮೂರು ದಿನ. ಮತ್ತೆ ಮತ್ತೆ ಓದಿದ್ದು ಆ ಕ್ಷಣಕ್ಕೆ ಚೆನ್ನಾಗಿ ನೆನಪಿರುವ ಹಾಗೆ ಕಾಣುತ್ತದೆ, ಮೂರು ದಿನ ದಾಟುವುದು ಮುಚ್ಚಿಟ್ಟು ಬರೆದದ್ದು.

ಪೇಪರ್ ಮುಗಿದ ಮೇಲೆ ನೀವೇ ಅಂಕ ಹಾಕಿಕೊಳ್ಳಿ, ಧಾರಾಳ ಬೇಡ. ನೋಡಬೇಕಾದ್ದು ಎರಡು. ವಾರವಿಡೀ ಸರಿಮಾಡಿಕೊಂಡ ಆರು ವಿಷಯಗಳಲ್ಲಿ ಎಷ್ಟು ನಿಜವಾಗಿ ಬಂದವು? ನಾಲ್ಕು ಬಂದಿದ್ದರೆ ಟೈಮ್‌ಟೇಬಲ್ ಕೆಲಸ ಮಾಡಿದೆ. ಒಂದೋ ಎರಡೋ ಬಂದಿದ್ದರೆ ವಾರವೆಲ್ಲ ಬಿಡಿಸಿದ ಲೆಕ್ಕ ನೋಡುತ್ತಾ ಕೂತಿದ್ದೀರಿ, ನೀವಾಗಿ ಬಿಡಿಸಿಲ್ಲ. ಆಗ ಭಾನುವಾರದ ಒಂದು ಗಂಟೆಯಲ್ಲಿ ಹೆಚ್ಚು ಅಂಕದ ಎರಡನ್ನು ಮಾತ್ರ ಹಿಡಿಯಿರಿ. ಎರಡನೆಯದು, ಬರುವ ಲೆಕ್ಕಗಳನ್ನೂ ಮುಟ್ಟಲು ಸಮಯ ಸಾಲಲಿಲ್ಲವಾ? ಹಾಗಿದ್ದರೆ ತೊಂದರೆ ಓದಿನದ್ದಲ್ಲ, ಪೇಪರ್ ಬರೆಯುವ ಕ್ರಮದ್ದು. ಮಂಗಳವಾರ ಒಂದು ಅಂಕದವು ಮುಗಿದ ಕೂಡಲೇ ಕೊನೆಯ ಭಾಗಕ್ಕೆ ಹಾರಿ ಎಲ್‌ಪಿಪಿ ಮುಗಿಸಿ ಆಮೇಲೆ ಮಧ್ಯಕ್ಕೆ ಬನ್ನಿ. ಯಾವ ಕ್ರಮದಲ್ಲಿ ಬರೆದರೂ ಪರವಾಗಿಲ್ಲ, ಪ್ರಶ್ನೆ ಸಂಖ್ಯೆ ಸರಿಯಾಗಿ ಹಾಕಿದರಾಯಿತು.

ಭಾನುವಾರ ಮತ್ತು ಸೋಮವಾರ

ಭಾನುವಾರ ಫಿಸಿಕ್ಸ್ ಏಳು ಗಂಟೆ. ಬರುವ ಸಬ್ಜೆಕ್ಟ್ ಆದ್ದರಿಂದ ಇಲ್ಲಿ ಓದುವುದಕ್ಕಿಂತ ಬರೆಯೋದು. ಡೆರಿವೇಷನ್‌ಗಳ ಹೆಸರು ಮಾತ್ರ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಡೈಪೋಲ್‌ನ ಅಕ್ಷದ ಮೇಲಿನ ಫೀಲ್ಡ್, ವೀಟ್‌ಸ್ಟೋನ್ ಬ್ರಿಡ್ಜ್, ವೃತ್ತಾಕಾರದ ಲೂಪಿನ ಅಕ್ಷದ ಮೇಲೆ ಕಾಂತಕ್ಷೇತ್ರ, ಲೆನ್ಸ್ ಮೇಕರ್ಸ್ ಸೂತ್ರ, ಹೀಗೆ. ಪುಸ್ತಕ ಮುಚ್ಚಿ ಚಿತ್ರದ ಸಮೇತ ಬರೆಯಿರಿ. ನಿಂತುಹೋದ ಸಾಲಿಗೆ ಮಾತ್ರ ಪುಸ್ತಕ ತೆರೆಯಿರಿ. ಮ್ಯಾಥ್ಸ್‌ನ ಒಂದು ಗಂಟೆಯನ್ನು ಬೆಳಗ್ಗೆಯೇ ಮುಗಿಸಿಬಿಡಿ. ರಾತ್ರಿಗೆ ಇಟ್ಟರೆ ಅದು ನಡೆಯಲ್ಲ. ಹತ್ತು ಗಂಟೆಗೆ ಮಲಗಿ. ಎರಡು ಪರೀಕ್ಷೆ ಬೆನ್ನಿಗೆ ಬೆನ್ನು ಇರುವಾಗ ಭಾನುವಾರ ಕಳೆದುಕೊಂಡ ನಿದ್ದೆಯ ಬಡ್ಡಿ ಕಟ್ಟುವುದು ಮಂಗಳವಾರ, ಅದೂ ವೀಕ್ ಸಬ್ಜೆಕ್ಟಿನಲ್ಲಿ.

ಸೋಮವಾರ ಹಾಲ್‌ನಿಂದ ಹೊರಬಂದ ಮೇಲೆ ಗೇಟಿನ ಹತ್ತಿರ ಗುಂಪು ನಿಂತಿರುತ್ತದೆ. "ಮೂರನೇದಕ್ಕೆ ಏನು ಬಂತೇ ನಿಂಗೆ?" ಅಲ್ಲಿ ನಿಲ್ಲಬೇಡಿ. ಉತ್ತರ ತಪ್ಪಿದ್ದು ಗೊತ್ತಾದರೆ ಸಂಜೆಯ ನಾಲ್ಕು ಗಂಟೆಯಲ್ಲಿ ಒಂದು ಗಂಟೆ ಅದರ ಯೋಚನೆಗೇ ಹೋಗುತ್ತದೆ. ಬಸ್ಸಿನಲ್ಲಿ ಸೀಟ್ ಸಿಕ್ಕಿದರೆ ಕಣ್ಣು ಮುಚ್ಚಿ. ಮನೆಯಲ್ಲಿ "ಹೆಂಗಾಯ್ತು ಮಗಾ?" ಅಂದರೆ "ಆಯ್ತಮ್ಮ, ಪರವಾಗಿಲ್ಲ" ಅಂತ ಹೇಳಿ ಮುಗಿಸಿ.

5ಕ್ಕೆ ಕೂತಾಗ ಮೊದಲು ಒಂದು ಬಿಳಿ ಹಾಳೆ. ಸೂತ್ರಗಳನ್ನು ನೆನಪಿನಿಂದ ಬರೆಯಿರಿ, ಮುಕ್ಕಾಲು ಗಂಟೆ. ಬಿಟ್ಟುಹೋದವನ್ನು ಪುಸ್ತಕ ನೋಡಿ ಕೆಂಪು ಇಂಕಿನಲ್ಲಿ ತುಂಬಿ. ಆ ಕೆಂಪು ಸಾಲುಗಳೇ ಮಂಗಳವಾರ ಬೆಳಗ್ಗೆ ಬಸ್ಸಿನಲ್ಲಿ ಓದಬೇಕಾದ್ದು. ಆಮೇಲೆ ವಾರದಲ್ಲಿ ಸರಿಮಾಡಿಕೊಂಡ ಒಂದೊಂದು ಬಗೆಯಿಂದ ಒಂದೊಂದೇ ಲೆಕ್ಕ. ಊಟದ ನಂತರ ತಪ್ಪುಗಳ ನೋಟ್‌ಬುಕ್, ಅದರಲ್ಲಿ ಇನ್ನೂ ಅನುಮಾನ ಇರುವ ಕಡೆ ಮತ್ತೆ ಒಂದು ಲೆಕ್ಕ. ಹೊಸ ಚಾಪ್ಟರ್ ತೆರೆಯಬೇಡಿ. ಗೆಳತಿ ಫೋನ್ ಮಾಡಿ "ಇದು ಬಂದೇ ಬರುತ್ತಂತೆ, ಓದ್ಕೋ" ಅಂದರೂ ಬೇಡ. ಹಾಗೆ ತೆರೆದ ಚಾಪ್ಟರ್ ತಲೆಗೂ ಹತ್ತಲ್ಲ, ಬರುತ್ತಿದ್ದುದರ ಮೇಲಿನ ನಂಬಿಕೆಯನ್ನೂ ಅಲ್ಲಾಡಿಸುತ್ತದೆ.

ವೀಕ್ ಸಬ್ಜೆಕ್ಟ್ ಮೊದಲ ದಿನ ಬಿದ್ದರೆ

ಫಿಸಿಕ್ಸೇ ವೀಕ್ ಆಗಿದ್ದು, ಮ್ಯಾಥ್ಸ್ ಗಟ್ಟಿ ಇದ್ದರೆ? ಇದು ಸುಲಭದ ಸರದಿ. ವೀಕ್ ಸಬ್ಜೆಕ್ಟನ್ನು ಭಾನುವಾರ ರಾತ್ರಿಯ ತನಕ ಎಳೆದುಕೊಂಡು ಹೋಗಬಹುದು. ಸೋಮವಾರ ಸಂಜೆ ಗಟ್ಟಿ ಸಬ್ಜೆಕ್ಟ್‌ಗೆ ನಾಲ್ಕು ಗಂಟೆ ಸಾಕಾಗುತ್ತದೆ. ಮೇಲಿನ ಪಟ್ಟಿಯಲ್ಲಿ ಮೊದಲ ನಾಲ್ಕು ದಿನ ಫಿಸಿಕ್ಸ್‌ಗೆ ಎರಡೂವರೆ, ಮ್ಯಾಥ್ಸ್‌ಗೆ ಒಂದೂವರೆ ಮಾಡಿ. ಶುಕ್ರವಾರ ಬೆಳಗ್ಗೆ ಮ್ಯಾಥ್ಸ್ ಪೇಪರ್ ಒಂದು ಬರೆದು ಮುಗಿಸಿ. ಶನಿವಾರ ಫಿಸಿಕ್ಸ್ ಪೇಪರ್. ಭಾನುವಾರ ಬಹುತೇಕ ಫಿಸಿಕ್ಸ್.

ಇಲ್ಲಿ ಒಂದೇ ಅಪಾಯ. "ಮ್ಯಾಥ್ಸ್ ಬರುತ್ತಲ್ಲ" ಅಂತ ಇಡೀ ವಾರ ಬಿಟ್ಟುಬಿಡೋದು. ಲೆಕ್ಕ ಬಿಡಿಸುವ ವೇಗ ಒಂದು ವಾರದಲ್ಲಿ ಇಳಿಯುತ್ತದೆ. ಉತ್ತರ ಬರುತ್ತದೆ, ಆದರೆ ಮೂರು ಗಂಟೆಯಲ್ಲಿ ಪೇಪರ್ ಮುಗಿಯಲ್ಲ. ಶನಿ, ಭಾನುವಾರವೂ ಎರಡೆರಡು ಲೆಕ್ಕ ಮಾಡಿ.

ಎರಡೇ ದಿನ ಉಳಿದಿದ್ದರೆ

ಶನಿವಾರ, ಭಾನುವಾರ ಮಾತ್ರ ಇದೆ, ಮ್ಯಾಥ್ಸ್ ವೀಕು, ಅದು ಮಂಗಳವಾರ. ಆಗ ಶನಿವಾರ ಮ್ಯಾಥ್ಸ್‌ಗೆ ಆರು ಗಂಟೆ, ಫಿಸಿಕ್ಸ್‌ಗೆ ಎರಡು. ಭಾನುವಾರ ಫಿಸಿಕ್ಸ್‌ಗೆ ಆರೂವರೆ, ಮ್ಯಾಥ್ಸ್‌ಗೆ ಒಂದೂವರೆ. ಪೂರ್ತಿ ಪೇಪರ್ ಬರೆಯುವುದನ್ನು ಬಿಡಿ, ಸಮಯ ಇಲ್ಲ. ಮೂರು ಸಾಲಿನ ಪರೀಕ್ಷೆಯನ್ನು ಒಂದೇ ಪತ್ರಿಕೆಯ ಮೇಲೆ ಒಂದು ಗಂಟೆಯೊಳಗೆ ಮಾಡಿ, ಅರ್ಧ ಬರುವವುಗಳಲ್ಲಿ ಹೆಚ್ಚು ಅಂಕದ ಮೂರನ್ನು ಆರಿಸಿ. ಅಷ್ಟೇ ನಿಮ್ಮ ಮ್ಯಾಥ್ಸ್. ಉಳಿದದ್ದಕ್ಕೆ ಈಗಾಗಲೇ ಬರುವುದೇ ಗತಿ.

ಪೂರ್ತಿ ವಾರದ ಟೈಮ್‌ಟೇಬಲ್‌ನಲ್ಲಿ ನಡುವೆ ಒಂದು ದಿನ ಕೈತಪ್ಪಿದರೆ, ಜ್ವರ ಬಂತು, ಮನೆಗೆ ನೆಂಟರು ಬಂದರು ಅಂದುಕೊಳ್ಳಿ, ಕಳೆದ ಗಂಟೆಗಳನ್ನು ರಾತ್ರಿಗೆ ತುರುಕಬೇಡಿ. ಪಟ್ಟಿಯಿಂದ ಒಂದು ವಿಷಯ ತೆಗೆದುಹಾಕಿ. ಶನಿವಾರದ ಪೇಪರ್ ಮತ್ತು ಸೋಮವಾರ ಸಂಜೆಯ ನಾಲ್ಕು ಗಂಟೆ, ಇವೆರಡಕ್ಕೆ ಮಾತ್ರ ಕೈ ಹಾಕಬೇಡಿ.